ಒಂದೂ ವಾಪಸು ಬರಲಿಲ್ಲ

ಜನವರಿ 6

ಕತ್ತರಿ ಅಣ್ಣನವರಿಗೆ,

ಈ ಲಕೋಟೆ ಕೈಗೆ ಬಂದ ತಕ್ಷಣ ನೀವು ಆರ್ಡರ್ ಚೀಟಿ ಎಲ್ಲಿ ಎಂದು ಹುಡುಕುತ್ತೀರಿ, ನನಗೆ ಗೊತ್ತು. ಚೀಟಿ ಒಳಗೇ ಇದೆ. ಮೊದಲು ವಿಷಯ ಕೇಳಿ. ಮಾರ್ಚ್ ಮೂವತ್ತೊಂದಕ್ಕೆ ನಾನು ಅಂಗಡಿ ಬಿಡುತ್ತಿದ್ದೇನೆ.

ಗಾಬರಿ ಬೇಡ, ದಿವಾಳಿಯಾಗಿಲ್ಲ. ಕಾರಣ ಕೇಳಿದರೆ ನಗುತ್ತೀರಿ. ಕಳೆದ ತಿಂಗಳು ಮೂಲೆಮನೆ ದರ್ಜಿಗೆ ಕಪ್ಪು ದಾರ ಎಂದು ಕಡುನೀಲಿ ದಾರ ಕೊಟ್ಟುಬಿಟ್ಟೆ. ಅವನು ಒಂದು ಕೋಟಿನ ತೋಳು ಪೂರ್ತಿ ಹೊಲಿದು ಬಿಸಿಲಿಗೆ ಹಿಡಿದ ಮೇಲೆ ಗೊತ್ತಾಗಿದೆ. ಪಾಪ, ಜಗಳವಾಡಲಿಲ್ಲ. ಬಣ್ಣ ತಿಳಿಯದವಳು ದಾರ ಮಾರುವುದು ಸರಿಯಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಗಿರಾಕಿಗಳಿಗೆ ಇನ್ನೂ ಹೇಳಿಲ್ಲ. ಸರಕು ಕೊಡುವವರಿಗೆ ಮೊದಲು ತಿಳಿಸಬೇಕು. ಸುದ್ದಿ ಬೇರೆಯವರ ಬಾಯಿಂದ ಹೋದರೆ ಅಂಗಡಿ ಮುಳುಗಿತು ಎಂದೇ ಎಲ್ಲರೂ ತಿಳಿಯುತ್ತಾರೆ. ಒಟ್ಟು ಏಳು ಪತ್ರ. ಗುಂಡಿಯವರು, ಸೂಜಿಯವರು, ದಾರದ ಗಿರಣಿಯ ಏಜೆಂಟರು, ಹೀಗೆ ಆರು ಜನಕ್ಕೆ ಒಂದೇ ಒಕ್ಕಣೆ, ಅಚ್ಚು ಹಾಕಿಸಿದ್ದು. ನಿಮ್ಮದು ಮಾತ್ರ ಕೈಬರಹ.

ಅಂಗಡಿಯನ್ನು ನನ್ನ ತಮ್ಮನ ಮಗಳು ತೆಗೆದುಕೊಳ್ಳುತ್ತಿದ್ದಾಳೆ. ಚುರುಕು ಹುಡುಗಿ, ಬಾಯಿ ಸ್ವಲ್ಪ ಜೋರು. ವ್ಯವಹಾರದ ವಿಷಯ ಇಷ್ಟು: ನನ್ನ ಕೊನೆಯ ಆರ್ಡರು ಒಂಬತ್ತಂಗುಲದ್ದು ಒಂದು ಡಜನ್, ಹತ್ತಂಗುಲದ್ದು ಅರ್ಧ ಡಜನ್, ಮಾರ್ಚ್ ಹತ್ತರೊಳಗೆ ಬರಲಿ. ಅದರ ನಂತರದ್ದೆಲ್ಲ ಅವಳ ಹೆಸರಿಗೆ ಬಿಲ್ ಮಾಡಿ. ನಿಮ್ಮ ನಾಲ್ಕು ಮರದ ಪೆಟ್ಟಿಗೆ ಖಾಲಿಯಾಗಿವೆ, ಮುಂದಿನ ಲಾರಿಗೆ ಹಾಕುತ್ತೇನೆ. ಕಪಾಟಿನಲ್ಲಿ ಉಳಿದ ಹನ್ನೊಂದು ಕತ್ತರಿಗಳನ್ನು ಅವಳಿಗೇ ವಹಿಸುತ್ತೇನೆ. ನಿಮ್ಮ ಕಡೆಯ ಲೆಕ್ಕವನ್ನು ನನ್ನದರ ಜೊತೆ ಹೋಲಿಸಿ ಒಂದು ಸಾಲು ಬರೆದರೆ ಸಾಕು.

ಇನ್ನು ಮನಸ್ಸಿನ ಮಾತು. ಮೂವತ್ನಾಲ್ಕು ವರ್ಷ ನಿಮ್ಮ ಕತ್ತರಿ ಮಾರಿದ್ದೇನೆ. ಮೊದಮೊದಲು ಕೆಲವನ್ನು ನಿಮಗೆ ವಾಪಸು ಕಳಿಸಿದ್ದುಂಟು. ಈ ಒಂಬತ್ತು ವರ್ಷಗಳಲ್ಲಂತೂ ಒಂದೇ ಒಂದು ವಾಪಸು ಬರಲಿಲ್ಲ. ನಿಮ್ಮ ಕತ್ತರಿ ಕೊಂಡ ಯಾವ ದರ್ಜಿಯೂ ನನ್ನ ಅಂಗಡಿಗೆ ದೂರು ಹೊತ್ತು ಬಂದಿಲ್ಲ. ಇಷ್ಟು ವರ್ಷ ನನ್ನ ಮುಖ ಉಳಿಸಿದ್ದಕ್ಕೆ ಋಣಿ. ನೀವೂ ಇನ್ನು ಕೈಗೆ ಸ್ವಲ್ಪ ವಿಶ್ರಾಂತಿ ಕೊಡುವುದನ್ನು ಯೋಚಿಸಬಾರದೇ?

ಅಂಗಡಿ ಅಕ್ಕ


ಜನವರಿ 19

ಅಂಗಡಿ ಅಕ್ಕನವರಿಗೆ,

ಮೂವತ್ನಾಲ್ಕು ವರ್ಷದಿಂದ ನೀವು ನನ್ನನ್ನು ಅಣ್ಣ ಎನ್ನುತ್ತೀರಿ, ನಾನು ನಿಮ್ಮನ್ನು ಅಕ್ಕ ಎನ್ನುತ್ತೇನೆ. ಇಬ್ಬರಲ್ಲಿ ಒಬ್ಬರು ವಯಸ್ಸು ಕದಿಯುತ್ತಿದ್ದೇವೆ. ಈಗ ನೀವೇ ಮೊದಲು ನಿವೃತ್ತಿ ಎಂದದ್ದರಿಂದ ಕಳ್ಳ ಸಿಕ್ಕಿಬಿದ್ದ ಹಾಗಾಯಿತು.

ನಿಮ್ಮ ಪತ್ರ ಓದಿ ಮೊದಲು ಬೇಜಾರಾಯಿತು. ಎರಡನೇ ಸಲ ಓದಿದಾಗ ಎದೆ ತುಂಬಿತು. ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಒಂದೇ ಒಂದು ವಾಪಸು ಬರಲಿಲ್ಲ" ಅನ್ನುವ ಸಾಲನ್ನು ಇನ್ನೊಮ್ಮೆ ಓದಿಸಿಕೊಂಡಳು. ಅವಳು ಸುಲಭಕ್ಕೆ ನಗುವವಳಲ್ಲ, ಅವತ್ತು ನಕ್ಕಳು.

ವಿಶ್ರಾಂತಿಯ ಮಾತು ಬಿಡಿ. ನಿಮಗೊಂದು ಸಿಹಿ ಸುದ್ದಿ ಇದೆ. ನಮ್ಮ ಊರಿಗೆ ಹತ್ತಿರ ದೊಡ್ಡ ಹೊಲಿಗೆ ಶಾಲೆ ಬಂದಿದೆ. ಈಗ ಇನ್ನೂರು ಕತ್ತರಿ ಬೇಕಂತೆ, ಆಮೇಲೆ ಪ್ರತಿ ವರ್ಷ ಐವತ್ತು. ಕಾರ್ಖಾನೆಯವರೂ ಬೆಲೆ ಕೊಟ್ಟಿದ್ದಾರೆ. ನಮ್ಮಂಥ ಕೈಕೆಲಸದವರನ್ನು ನಂಬಲು ಹಳೆಯ ಅಂಗಡಿಯವರ ಪತ್ರ ಏನಾದರೂ ಇದೆಯೇ ಎಂದು ಅಲ್ಲಿಯ ಗುಮಾಸ್ತ ಕೇಳಿದ. ಇದಕ್ಕಿಂತ ಒಳ್ಳೆಯ ಪತ್ರ ಇನ್ನೆಲ್ಲಿ ಸಿಗಬೇಕು? ನಿಮ್ಮ ಕಣ್ಣಿನ ವಿಷಯದ ಪುಟ ಇಟ್ಟುಕೊಂಡು, ಕೊನೆಯ ಪುಟವನ್ನು ಅರ್ಜಿಗೆ ಲಗತ್ತಿಸಿ ಕೊಟ್ಟು ಬಂದೆ. ನಿಮ್ಮನ್ನು ಕೇಳಿ ಕೊಡಬೇಕಿತ್ತು. ಆದರೆ ಕೊನೆಯ ದಿನ ಹತ್ತಿರವಿತ್ತು, ನೀವು ಬೇಡ ಎನ್ನುವವರಲ್ಲ ಎಂಬ ಧೈರ್ಯವೂ ಇತ್ತು.

ಇನ್ನೂರು ಕತ್ತರಿ ಮಾಡಲು ಕೈ ಬಿಡುವಾಗಬೇಕಲ್ಲ. ಅದಕ್ಕೆ ಕ್ಯಾಂಟೀನುಗಳ ಚಾಕು ಮಸೆಯುವ ಗುತ್ತಿಗೆಯನ್ನು ಈ ತಿಂಗಳಿಂದ ಬಿಟ್ಟುಬಿಟ್ಟೆವು. ಬೇರೆ ಮೂರು ಅಂಗಡಿಯವರು ನಮ್ಮನ್ನು ಬಿಟ್ಟು ಕಾರ್ಖಾನೆ ಮಾಲಿಗೆ ಹೋದ ಮೇಲೆ ಆ ಚಾಕುಗಳೇ ನಮ್ಮ ಹೊಟ್ಟೆಗೆ ಆಧಾರವಾಗಿದ್ದವು. ಇನ್ನು ಅದರ ಹಂಗಿಲ್ಲ.

ಶಾಲೆಯಲ್ಲಿ ಬಟ್ಟೆ ಕತ್ತರಿಸುವುದನ್ನು ಕಲಿಸುವ ಮೇಷ್ಟ್ರು ಮಾರ್ಚ್ ಮೊದಲ ವಾರ ಮಾದರಿ ನೋಡುತ್ತಾರೆ. ನಿಮ್ಮ ಕೊನೆಯ ಆರ್ಡರು ಹೇಳಿದ ದಿನಕ್ಕೆ ತಲುಪುತ್ತದೆ.

ನಿಮ್ಮ
ಕತ್ತರಿ ಅಣ್ಣ


ಜನವರಿ 27

ಅಣ್ಣನವರೇ,

ನಿಮ್ಮ ಪತ್ರ ಮೊನ್ನೆ ಬಂತು. ಒಂದು ಉಪಕಾರ ಮಾಡಿ. ಶಾಲೆಯಿಂದ ನನ್ನ ಪತ್ರವನ್ನು ದಯವಿಟ್ಟು ವಾಪಸು ಪಡೆಯಿರಿ.

ಅದು ನಾನು ನಿಮಗೆಂದು ಬರೆದದ್ದು, ಕಚೇರಿಯ ಫೈಲಿಗೆಂದು ಅಲ್ಲ. ಬೀಳ್ಕೊಡುವಾಗ ಯಾರಾದರೂ ನಾಲ್ಕು ಒಳ್ಳೆಯ ಮಾತು ಬರೆಯುತ್ತಾರೆ. ಅದನ್ನು ಪ್ರಮಾಣಪತ್ರ ಮಾಡಬಾರದು. ಅಂಗಡಿ ಬಿಟ್ಟವಳ ಮಾತಿಗೆ ಬೆಲೆಯಾದರೂ ಏನು? ಚಾಕುಗಳ ಗುತ್ತಿಗೆಯನ್ನೂ ಇಷ್ಟು ಬೇಗ ಬಿಡಬಾರದಿತ್ತು. ಸಾಧ್ಯವಾದರೆ ಮತ್ತೆ ಹೋಗಿ ಕೇಳಿ.

ಪೆಟ್ಟಿಗೆಗಳು ಸೋಮವಾರದ ಲಾರಿಗೆ ಬರುತ್ತವೆ.

ಅಂಗಡಿ ಅಕ್ಕ


ಫೆಬ್ರವರಿ 5

ಅಕ್ಕನವರಿಗೆ,

ಪೆಟ್ಟಿಗೆ ನಾಲ್ಕೂ ತಲುಪಿದವು. ಒಂದರ ಮುಚ್ಚಳ ಸೀಳಿದೆ, ಪರವಾಗಿಲ್ಲ.

ನಿಮ್ಮ ಪತ್ರ ಓದಿ ಎರಡು ದಿನ ತಲೆ ಕೆಡಿಸಿಕೊಂಡೆ. ನಿಮ್ಮ ತಮ್ಮನ ಮಗಳಿಗೆ ನಮ್ಮ ಮಾಲು ಬೇಡವಾಗಿರಬೇಕು, ನಾಳೆ ಕಾರ್ಖಾನೆ ಕತ್ತರಿ ಇಟ್ಟರೆ ನಿಮ್ಮ ಈ ಪತ್ರ ಅಡ್ಡ ಬರುತ್ತದೆ ಎಂಬ ಮುಜುಗರ ಇರಬೇಕು ಎಂದು ಊಹಿಸಿದ್ದೇನೆ. ಹಾಗಿದ್ದರೆ ನೇರವಾಗಿ ಹೇಳಿಬಿಡಿ. ವ್ಯಾಪಾರ ಬಿಟ್ಟುಹೋದದ್ದು ಇದೇ ಮೊದಲಲ್ಲ. ಆದರೆ ಬರೆದ ಮಾತನ್ನು ಬರೆದವರೇ ಹಿಂದಕ್ಕೆ ಕೇಳಿದ್ದು ಇದೇ ಮೊದಲು.

ಆ ಸಾಲು ಸುಳ್ಳೇ ಅಕ್ಕ? ಒಂದಾದರೂ ವಾಪಸು ಬಂದಿತ್ತೇ? ಬಂದಿದ್ದರೆ ನಮಗೆ ಕಳಿಸಬೇಕಿತ್ತು. ಬಂದಿಲ್ಲದಿದ್ದರೆ ಸಾಲು ನಿಜ. ನಿಜವಾದದ್ದನ್ನು ನಾನೇಕೆ ಹಿಂದಕ್ಕೆ ತೆಗೆದುಕೊಳ್ಳಬೇಕು?

ನಾನು ಶಾಲೆಗೆ ಹೋಗುವುದಿಲ್ಲ.

ಕತ್ತರಿಯವನು


ಫೆಬ್ರವರಿ 12

ಅಣ್ಣನವರೇ,

ಆ ಸಾಲು ನಿಜ, ಆದರೆ ಅದು ನಿಮ್ಮನ್ನು ಮೋಸಗೊಳಿಸುತ್ತಿದೆ. ಇದನ್ನು ಬರೆಯಲು ನಾಲ್ಕು ಸಲ ಕೂತು ಎದ್ದಿದ್ದೇನೆ.

ನಿಮಗೆ ನೆನಪಿರಬಹುದು, ನಾನು ನಿಮ್ಮ ಕಾರ್ಯಾಗಾರಕ್ಕೆ ಒಂದೇ ಸಲ ಬಂದದ್ದು. ಅಂದು ಕತ್ತರಿಯ ಎರಡು ಅಲಗುಗಳನ್ನು ಬೆಳಕಿಗೆ ಹಿಡಿದು ತೋರಿಸಿದಿರಿ. ಎರಡೂ ನೆಟ್ಟಗಿರಬಾರದು, ಒಂದರ ಕಡೆಗೆ ಇನ್ನೊಂದು ಕೂದಲೆಳೆಯಷ್ಟು ಬಾಗಿರಬೇಕು, ಮುಚ್ಚುವಾಗ ತಿರುಪಿನಿಂದ ತುದಿಯವರೆಗೆ ಒಂದೊಂದೇ ಚುಕ್ಕೆಯಲ್ಲಿ ತಾಗುತ್ತಾ ಹೋಗಬೇಕು ಎಂದಿರಿ. ಬಾಗು ತಪ್ಪಿದರೆ ಹೇಗೆ ತಿದ್ದುವುದೆಂದೂ ಕಲಿಸಿದಿರಿ. ಕುಳಿ ತೋಡಿದ ಗಟ್ಟಿ ಮರದ ತುಂಡು, ಸಣ್ಣ ಸುತ್ತಿಗೆ, ಮೆಲ್ಲಗೆ ಒಂದೆರಡು ಪೆಟ್ಟು. ತಮಾಷೆಗೆ ಕಲಿಸಿದಿರಿ, ನಾನೂ ತಮಾಷೆಗೆ ಕಲಿತೆ.

ಒಂಬತ್ತು ವರ್ಷದ ಹಿಂದೆ ನಿಮ್ಮ ಮನೆಯವರು ತೀರಿಹೋದರು. ಮುಂದಿನ ತಿಂಗಳು ಬಂದ ಡಜನ್ ಬಿಚ್ಚಿದೆ. ನೆಂದ ತೆಳುಬಟ್ಟೆಯ ಮೇಲೆ ಒಂದೊಂದನ್ನೇ ಆಡಿಸಿದರೆ ತುದಿಗೆ ಬರುವಾಗ ಬಟ್ಟೆ ಕತ್ತರಿಸದೆ ಮಡಚಿಕೊಳ್ಳುತ್ತಿತ್ತು. ಹನ್ನೆರಡರಲ್ಲಿ ಎಂಟು ಹಾಗೆ. ವಾಪಸು ಕಳಿಸಲು ಚೀಟಿಯನ್ನೂ ಬರೆದೆ. ಆ ದುಃಖದಲ್ಲಿರುವ ಮನುಷ್ಯನಿಗೆ ಇದನ್ನೂ ಕಳಿಸುವುದೇ ಎಂದು ಕೈ ಬರಲಿಲ್ಲ. ಈ ಒಂದು ಸಲಕ್ಕೆ ಎಂದುಕೊಂಡು ಮರದ ತುಂಡು ತಂದು ನಾನೇ ತಿದ್ದಿದೆ. ಮುಂದಿನ ಸಲವೂ ಹಾಗೇ ಬಂತು. ಅದರ ಮುಂದಿನ ಸಲವೂ. ವರ್ಷ ಕಳೆದ ಮೇಲೆ ಯಾವ ಬಾಯಿಂದ ಹೇಳಲಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನೆನ್ನಲಿ? ಹೀಗೆ ಒಂಬತ್ತು ವರ್ಷವಾಯಿತು. ನಿಮ್ಮ ಕತ್ತರಿ ಒಂದೂ ನನ್ನ ಸುತ್ತಿಗೆ ಮುಟ್ಟದೆ ಗಿರಾಕಿಯ ಕೈಗೆ ಹೋಗಿಲ್ಲ. ಅದಕ್ಕೇ ಒಂದೂ ವಾಪಸು ಬರಲಿಲ್ಲ.

ನಿಮ್ಮ ಕೈ ಸೋಲುತ್ತಿದೆ, ದೊಡ್ಡ ಮನುಷ್ಯನ ಮನಸ್ಸು ನೋಯಿಸಬಾರದು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಮೂರು ಅಂಗಡಿಯವರು ನಿಮ್ಮನ್ನು ಬಿಟ್ಟದ್ದು ಕಾರ್ಖಾನೆಯಿಂದಲ್ಲ, ಈ ತುದಿಯಿಂದ. ಅವರಲ್ಲಿ ಒಬ್ಬರು ನನ್ನ ಹತ್ತಿರ ಬಾಯಿ ಬಿಟ್ಟು ಹೇಳಿದ್ದರು. ಅವರಾದರೂ ನಿಮಗೆ ಹೇಳಿರುತ್ತಾರೆ ಎಂದು ಸುಮ್ಮನಾದೆ. ಬೇರೆಯವರ ಅಂಗಡಿಯ ಮಾತು ನನಗೇಕೆ ಎಂದೂ ಅನ್ನಿಸಿತು.

ಮೊನ್ನೆ ತಮ್ಮನ ಮಗಳು ಸಾಮಾನು ಎಣಿಸುವಾಗ ಗಲ್ಲಾದ ಕೆಳಗಿನ ಮರದ ತುಂಡು ಎಳೆದು ಇದೇನು ಎಂದಳು. ಹೇಳಬೇಕಾಯಿತು. ಅವಳು ಮುಖ ಗಂಟಿಕ್ಕಲಿಲ್ಲ, ಬೈಯಲಿಲ್ಲ. "ಅತ್ತೆ, ನಾನಿದನ್ನ ಮಾಡಲ್ಲ. ಸರಿಯಿದ್ರೆ ಮಾರ್ತೀನಿ, ಇಲ್ದಿದ್ರೆ ಅವ್ರಿಗೇ ಕಳಿಸ್ತೀನಿ" ಎಂದಳು. ಅಷ್ಟು ಸರಳವಾಗಿತ್ತು ಅದು.

ಮೇಷ್ಟ್ರು ಮಾದರಿ ನೋಡುವ ಮುಂಚೆ ಶಾಲೆಯಿಂದ ಪತ್ರ ತೆಗೆದುಕೊಳ್ಳಿ. ಕ್ಷಮಿಸಿ ಎನ್ನಲು ನಾಚಿಕೆಯಾಗುತ್ತದೆ, ಆದರೂ ಕ್ಷಮಿಸಿ.

ಅಂಗಡಿಯವಳು


ಮಾರ್ಚ್ 14

ಅಕ್ಕನವರಿಗೆ,

ನಿಮ್ಮ ಕೊನೆಯ ಆರ್ಡರು ಮಾರ್ಚ್ ಹತ್ತಕ್ಕೆ ತಲುಪಿಲ್ಲ. ತಲುಪುವುದೂ ಇಲ್ಲ. ಮೂವತ್ನಾಲ್ಕು ವರ್ಷದಲ್ಲಿ ನಾವು ತಪ್ಪಿಸಿದ ಮೊದಲ ತಾರೀಖು ಇದು.

ನೀವು ಹೇಳದೆ ಇಟ್ಟದ್ದನ್ನು ಹೇಳಿದಿರಿ. ನಾನು ಮುಚ್ಚಿಟ್ಟದ್ದನ್ನೂ ಕೇಳಿ. ನನ್ನವಳು ತೀರಿಹೋದ ವಾರವೇ ಸಾಣೆಕಲ್ಲಿಗೆ ನನ್ನ ಬಲಗೈ ಹೆಬ್ಬೆರಳು ಸಿಕ್ಕಿತು. ನರ ತುಂಡಾಯಿತು. ಅಂದಿನಿಂದ ಆ ಬೆರಳಿಗೆ ಬಿಸಿಯೂ ಗೊತ್ತಿಲ್ಲ, ತಣುಪೂ ಗೊತ್ತಿಲ್ಲ. ಬಾಗು ಹಿಡಿಯುವುದು ಕಣ್ಣಿನ ಕೆಲಸವಲ್ಲ, ಹೆಬ್ಬೆರಳಿನ ಕೆಲಸ. ಸುದ್ದಿ ಹೊರಗೆ ಹೋದರೆ ಅಂಗಡಿಯವರು ಬಿಡುತ್ತಾರೆಂದು ಯಾರಿಗೂ ಹೇಳಲಿಲ್ಲ. ಅಂದಿನಿಂದ ನಿಮಗೆ ಬಂದ ಪ್ರತಿ ಕತ್ತರಿಯನ್ನೂ ಕೂಡಿಸಿದವಳು ನನ್ನ ಮಗಳು. ಆಗ ಅವಳಿಗೆ ಇಪ್ಪತ್ತೆರಡು.

ಕಲಿಸಲು ನನ್ನ ಬಳಿ ಇದ್ದದ್ದು ಬಾಯಿ ಮಾತ್ರ. ಪರೀಕ್ಷೆಗೆ ಇದ್ದದ್ದು ದಪ್ಪ ಕ್ಯಾನ್ವಾಸಿನ ಚೂರು. ಅದರ ಮೇಲೆ ತುದಿಯ ಐಬು ಕಾಣುವುದಿಲ್ಲ ಎಂದು ಈಗ ಗೊತ್ತಾಯಿತು. ಮೊದಲ ಡಜನ್ ಕಳಿಸಿ ನಾವಿಬ್ಬರೂ ಕಾದೆವು. ನಿಮ್ಮ ಕೈ ಎಷ್ಟು ಕಟ್ಟುನಿಟ್ಟೆಂದು ನನಗೆ ಗೊತ್ತಿತ್ತು. ಹಿಂದೆ ನನ್ನದನ್ನೇ ಎಷ್ಟು ಸಲ ತಿರುಗಿಸಿ ಕಳಿಸಿದ್ದಿರಿ, ನಾನು ಕಲಿತದ್ದು ಅದರಿಂದಲೇ. ನಿಮ್ಮಿಂದ ಏನೂ ವಾಪಸು ಬರಲಿಲ್ಲ. ಅಂದು ನಾನು ಅವಳಿಗೆ, "ಅಂಗಡಿ ಅಕ್ಕ ಒಪ್ಪಿದ್ರು ಅಂದ್ರೆ ನೀನು ಕಲಿತೆ ಅಂತ ಅರ್ಥ" ಎಂದೆ. ಅವಳು ಆ ಮಾತಿನ ಮೇಲೆ ಒಂಬತ್ತು ವರ್ಷ ನಿಂತಿದ್ದಾಳೆ.

ನನ್ನ ಮನಸ್ಸು ನೋಯಬಾರದೆಂದು ಅವಳ ವಿದ್ಯೆಯನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಿ. ಮೊದಲ ತಿಂಗಳೇ ಎಂಟನ್ನು ವಾಪಸು ಎಸೆದಿದ್ದರೆ ಆರು ತಿಂಗಳಲ್ಲಿ ಕಲಿಯುತ್ತಿದ್ದಳು. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಬೆರಳಿನ ಸಂಗತಿ ನಾನು ಹೇಳಿದ್ದರೆ ನೀವೂ ಬೇರೆ ಥರ ನಡೆದುಕೊಳ್ಳುತ್ತಿದ್ದಿರೇನೋ. ಅದೂ ಗೊತ್ತು. ಗೊತ್ತಿದ್ದರೆ ಉರಿ ಕಡಿಮೆಯಾಗುವುದಿಲ್ಲ.

ಶಾಲೆಗೆ ನಾನೇ ಹೋಗಿ ಪತ್ರ ಬಿಡಿಸಿಕೊಂಡೆ. ಕಾರಣ ಕೇಳಿದರು, ಹೇಳಿದೆ. ಮೇಷ್ಟ್ರು ಒಳ್ಳೆಯವರು, ಮಾದರಿಯನ್ನು ನನ್ನೆದುರೇ ತೆಳು ಅಸ್ತರಿನ ಮೇಲೆ ಆಡಿಸಿ ವಾಪಸು ಕೈಗೆ ಕೊಟ್ಟರು. ಆರ್ಡರು ಕಾರ್ಖಾನೆಗೆ ಹೋಯಿತು. ಕ್ಯಾಂಟೀನುಗಳಲ್ಲಿ ಎರಡು ಮಾತ್ರ ಚಾಕು ಮತ್ತೆ ಕೊಟ್ಟಿವೆ. ಮಗಳು ಎಂಟು ದಿನದಿಂದ ಕೆಲಸದ ಮಣೆಯ ಹತ್ತಿರ ಹೋಗಿಲ್ಲ.

ನಿಮ್ಮ ಲೆಕ್ಕ ನಮ್ಮದಕ್ಕೆ ಸರಿಹೊಂದುತ್ತದೆ.

ಕತ್ತರಿಯವನು


ಮಾರ್ಚ್ 22

ಕತ್ತರಿ ಅಣ್ಣನವರ ಮಗಳಿಗೆ,

ನಿನ್ನನ್ನು ಏಕವಚನದಲ್ಲಿ ಕರೆಯುವ ಸಲಿಗೆ ನನಗೆ ಉಳಿದಿದೆಯೋ ಇಲ್ಲವೋ ತಿಳಿಯದು. ಕರೆದುಬಿಟ್ಟಿದ್ದೇನೆ. ನಿನ್ನ ತಂದೆಯ ಪತ್ರ ಓದಿ ಅತ್ತುಬಿಟ್ಟೆ. ಅದರಿಂದ ನಿನಗೆ ಏನೂ ಉಪಯೋಗವಿಲ್ಲ, ಹಾಗಾಗಿ ಉಪಯೋಗಕ್ಕೆ ಬರುವುದನ್ನು ಬರೆಯುತ್ತೇನೆ. ಒಂಬತ್ತು ವರ್ಷ ನಿನ್ನ ಕೆಲಸವನ್ನು ನನ್ನಷ್ಟು ಹತ್ತಿರದಿಂದ ನೋಡಿದವರಿಲ್ಲ.

ಅರದಿಂದ ಉಜ್ಜಿ ನಯಮಾಡುವ ನಿನ್ನ ಕೆಲಸ ಚೆನ್ನಾಗಿದೆ. ತಿರುಪು ಕೂರಿಸುವುದರಲ್ಲಿ ನಿನ್ನ ತಂದೆಗಿಂತ ಒಂದು ಕೈ ಮೇಲು. ಅವರದ್ದು ವರ್ಷದಲ್ಲಿ ಸಡಿಲವಾಗುತ್ತಿತ್ತು, ನಿನ್ನದು ಆಗುವುದಿಲ್ಲ. ಇದನ್ನೂ ನಾನು ಹೇಳಿರಲಿಲ್ಲ ನೋಡು.

ತಪ್ಪು ಒಂದೇ, ಯಾವಾಗಲೂ ಒಂದೇ ಕಡೆ. ಬಾಗು ತಿರುಪಿನಿಂದ ಚೆನ್ನಾಗಿ ಹೊರಟು ತುದಿಗೆ ಎರಡು ಬೆರಳು ಇರುವಾಗ ನಿಂತುಬಿಡುತ್ತದೆ. ಆ ಎರಡು ಬೆರಳಿನಷ್ಟು ಅಲಗು ನೆಟ್ಟಗೆ ಉಳಿದಿರುತ್ತದೆ. ತುದಿ ಸಣ್ಣದು, ಮುರಿದೀತೆಂದು ನಿನ್ನ ಕೈ ಹೆದರುತ್ತದೆ ಎಂದು ನನ್ನ ಊಹೆ. ಅಲಗಿನ ಒಳಮುಖ ಮೇಲೆ ಬರುವಂತೆ ಕುಳಿಯ ಮೇಲಿಡು. ತುದಿಯನ್ನು ಹೊಡೆಯಬೇಡ, ತುದಿಯಿಂದ ಎರಡು ಬೆರಳು ಹಿಂದೆ ಹೊಡೆ. ಮೆಲ್ಲಗೆ ಎರಡು ಪೆಟ್ಟು, ಬೆಳಕಿಗೆ ಹಿಡಿದು ನೋಡು, ಬೇಕಾದರೆ ಇನ್ನೊಂದು. ಕೆಳಗಿನ ಅಲಗಿಗೆ ಮೇಲಿನದಕ್ಕಿಂತ ಒಂದು ಪೆಟ್ಟು ಕಡಿಮೆ. ಕ್ಯಾನ್ವಾಸ್ ಎಸೆ. ಹಳೆಯ ತೆಳು ಸೀರೆಯನ್ನು ನೆನೆಸಿ ಹಿಂಡಿ ಅದರ ಮೇಲೆ ನೋಡು.

ಕಪಾಟಿನಲ್ಲಿದ್ದ ಹನ್ನೊಂದರಲ್ಲಿ ಏಳಕ್ಕೆ ನಾನಿನ್ನೂ ಕೈ ಹಚ್ಚಿರಲಿಲ್ಲ. ಅವನ್ನು ಕಳಿಸುತ್ತಿದ್ದೇನೆ. ನಾನು ತಿದ್ದಿದ ಒಂದನ್ನೂ ಜೊತೆಗೆ ಇಟ್ಟಿದ್ದೇನೆ, ಪಕ್ಕದಲ್ಲಿಟ್ಟು ನೋಡಲು. ಇದು ನಾನು ಅಂಗಡಿಯಿಂದ ಮಾಡುತ್ತಿರುವ ಕೊನೆಯ ಕೆಲಸ.

ನಿನ್ನ ಕೈಗೆ ತಪ್ಪು ಮಾಡಿದವಳು,
ಅಂಗಡಿಯವಳು


ಏಪ್ರಿಲ್ 11

ಅಂಗಡಿ ಅಕ್ಕನವರಿಗೆ,

ಅಪ್ಪ ಬರೆಯೆಂದು ಹೇಳಿಲ್ಲ. ನಾನೇ ಬರೆಯುತ್ತಿದ್ದೇನೆ. ನನಗೆ ನಿಮ್ಮ ಮೇಲೆ ತುಂಬಾ ಕೋಪವಿದೆ.

ಪೆಟ್ಟಿಗೆಯನ್ನು ಒಂದು ವಾರ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ನೀವು ತಿದ್ದಿದ್ದನ್ನು ಮೊದಲು ಆಡಿಸಿದೆ, ಆಮೇಲೆ ನನ್ನದನ್ನು. ನನಗೆ ಯಾರೂ ವಿವರಿಸುವುದು ಬೇಕಾಗಲಿಲ್ಲ. ಇಷ್ಟು ವರ್ಷ ದರ್ಜಿಗಳು ಹೊಗಳಿದ್ದು ನಿಮ್ಮ ಕೈಯನ್ನು ಎಂದು ಗೊತ್ತಾದಾಗ ಏನಾಗುತ್ತದೆ ಎಂದು ನೀವು ಯೋಚಿಸಿದ್ದೀರೋ ಇಲ್ಲವೋ.

ಕೈ ಹೆದರುತ್ತದೆ ಎಂದದ್ದು ಸರಿ. ಮೊದಲ ವರ್ಷ ಒಂದು ತುದಿ ಮುರಿದಿತ್ತು. ಅಪ್ಪನಿಗೆ ಗೊತ್ತಿಲ್ಲ.

ಏಳರಲ್ಲಿ ಎರಡು ಹಾಳಾದವು. ಐದನ್ನು ಇದರ ಜೊತೆ ಕಳಿಸಿದ್ದೇನೆ. ನನ್ನ ಕಣ್ಣಿಗೆ ಐದೂ ಸರಿಯಿವೆ, ಆದರೆ ನನ್ನ ಕಣ್ಣನ್ನು ನಾನೀಗ ನಂಬುವುದಿಲ್ಲ. ಹೊಸ ಅಂಗಡಿಯವರು ಇವನ್ನು ತೆಗೆದುಕೊಂಡರೆ ನಾನು ಈ ಕೆಲಸ ಮುಂದುವರಿಸುತ್ತೇನೆ. ಇಲ್ಲದಿದ್ದರೆ ಕ್ಯಾಂಟೀನಿನ ಚಾಕು ಮಸೆದುಕೊಂಡು ಇರುತ್ತೇನೆ. ಒಂದೇ ಮಾತು ಕೇಳುವುದು. ನೀವು ಮುಟ್ಟಬೇಡಿ.

ಕತ್ತರಿಯವರ ಮಗಳು


ಏಪ್ರಿಲ್ 20

ಅಣ್ಣನವರಿಗೂ ಮಗಳಿಗೂ,

ಐದು ಕತ್ತರಿಗಳ ಪೆಟ್ಟಿಗೆ ಗುರುವಾರ ಬಂತು. ನಾನೀಗ ಅಂಗಡಿಗೆ ಗಿರಾಕಿಯ ಹಾಗೆ ಹೋಗಿ ಬರುವವಳು, ಗಲ್ಲಾದ ಈಚೆ ಸ್ಟೂಲಿನ ಮೇಲೆ ಕೂರುತ್ತೇನೆ. ತಮ್ಮನ ಮಗಳು ನನ್ನೆದುರೇ ಪೆಟ್ಟಿಗೆ ಬಿಚ್ಚಿ, ನೆಂದ ಬಟ್ಟೆ ಹಿಡಿದು, ಒಂದೊಂದನ್ನೂ ಮೂರು ಮೂರು ಸಲ ಆಡಿಸಿದಳು. ನಾನು ಕೈ ಕಟ್ಟಿ ಕೂತಿದ್ದೆ.

ಎರಡು ತುದಿಯವರೆಗೂ ಕತ್ತರಿಸಿದವು. ಬಟ್ಟೆಗೆ ಗೊತ್ತೇ ಆಗಲಿಲ್ಲ, ಅಷ್ಟು ನಯವಾಗಿ. ಅವಳು ಅವೆರಡನ್ನು ಕಪಾಟಿನ ಮುಂದಿನ ಸಾಲಿಗಿಟ್ಟಳು. ಶನಿವಾರ ಒಂದು ಮಾರಾಟವಾಯಿತು. ಕೊಂಡವನು ನಾನು ನೀಲಿ ದಾರ ಕೊಟ್ಟ ಅದೇ ದರ್ಜಿ. ಯಾರ ಕೆಲಸ ಎಂದು ಕೇಳಿದ. ಹೇಳಿದೆವು.

ಉಳಿದ ಮೂರರಲ್ಲಿ ಬಟ್ಟೆ ತುದಿಗೆ ಸಿಕ್ಕಿಕೊಂಡಿತು. ಒಂದರಲ್ಲಿ ತೀರಾ ಸ್ವಲ್ಪ, ಒಂದೇ ಪೆಟ್ಟಿನ ಕೆಲಸ. ಮರದ ತುಂಡು ಇನ್ನೂ ಗಲ್ಲಾದ ಕೆಳಗೇ ಇದೆ, ಕೂತಲ್ಲಿಂದ ಕೈಗೆ ಸಿಗುತ್ತದೆ. ತಮ್ಮನ ಮಗಳು ಒಳಗೆ ಹೋದಾಗ ಸುತ್ತಿಗೆ ಹಿಡಿದೆ ಕೂಡ. ಸುಳ್ಳು ಹೇಳುವುದಿಲ್ಲ. ಈ ಸಲವೂ ಸರಿಮಾಡಿಬಿಟ್ಟರೆ ಐದಕ್ಕೆ ಮೂರು ಸರಿ ಎಂದು ಬರೆಯಬಹುದಿತ್ತು, ನಿನ್ನ ಮುಖ ಅರಳುತ್ತಿತ್ತು, ನಿನ್ನ ತಂದೆ ನನಗೆ ಮತ್ತೆ ಅಕ್ಕ ಎಂದು ಪ್ರೀತಿಯಿಂದ ಬರೆಯುತ್ತಿದ್ದರೇನೋ. ಸುತ್ತಿಗೆಯನ್ನು ಇಟ್ಟುಬಿಟ್ಟೆ. ಇಡುವುದು ಕಷ್ಟವಾಯಿತು.

ಜನವರಿಯಲ್ಲಿ ನಾನು ಬರೆದ ಬೀಳ್ಕೊಡುಗೆ ಪತ್ರವನ್ನು ಹರಿದುಹಾಕಿ. ಅದರ ಬದಲು ಇದನ್ನು ಇಟ್ಟುಕೊಳ್ಳಿ. ಯಾರು ಕೇಳಿದರೂ ತೋರಿಸಿ, ಶಾಲೆಯವರಿಗೂ ತೋರಿಸಿ. ಈ ಐದರಲ್ಲಿ ಎರಡು ಅಂಗಡಿಗೆ ಒಪ್ಪಿಗೆಯಾದವು ಎಂದು ನಾನು ಸಹಿ ಹಾಕಿ ಹೇಳುತ್ತೇನೆ. ಒಂಬತ್ತು ವರ್ಷದಲ್ಲಿ ನಿಮ್ಮ ಮಗಳ ಕೈ ಬಗ್ಗೆ ಬೇರೆಯವರಿಗೆ ತೋರಿಸಲೆಂದು ನಾನು ಬರೆದ ಮೊದಲ ನಿಜ ಇದು.

ಮೂರನ್ನು ವಾಪಸು ಕಳಿಸಿದ್ದೇವೆ.

ಅಂಗಡಿ ಅಕ್ಕ